ಏಜೆನ್ಸಿ ಬದಲಾಯಿತು, ಕುರ್ಚಿ ಬದಲಾಗಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಇವರನ್ನು ಶೋಭಾ ಎಂದು ಕರೆಯೋಣ. ನಿಜವಾದ ಹೆಸರು ಬೇರೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 29, ಬಿ.ಕಾಂ., ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಒಂದು ಬಸ್ಸು ಹತ್ತಿದರೆ ಚಿಕ್ಕಮಗಳೂರು, ಇನ್ನೊಂದು ಹತ್ತಿದರೆ ಹಾಸನ. ಹಾಗಾಗಿ ಎರಡೂ ಕಡೆ ಕೆಲಸ ಮಾಡಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಹಾಸನದ ನಮ್ಮ ಕೊಠಡಿಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಕೂತ ತಕ್ಷಣ ಹೇಳಿದ್ದು ಇದು: "ಮೇಡಂ, ನನ್ನ ರೆಸ್ಯೂಮೆ ನೋಡಿದವರೆಲ್ಲ ಒಂದೇ ಕೇಳ್ತಾರೆ. ಏನಮ್ಮ, ನಿಂತಲ್ಲಿ ನಿಲ್ಲೋದೇ ಇಲ್ವಾ ನೀನು ಅಂತ."

ರೆಸ್ಯೂಮೆಯಲ್ಲಿ ಏಳು ಸಾಲು ಇತ್ತು. 2017ರ ಡಿಸೆಂಬರ್‌ನಿಂದ ಐದು ತಿಂಗಳು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್‌ನಲ್ಲಿ ಲೆಕ್ಕದ ಕೆಲಸ. ಮುಂದಿನ ಡಿಸೆಂಬರ್‌ನಿಂದ ಅಲ್ಲೇ ಮತ್ತೆ ಐದು ತಿಂಗಳು. 2019ರ ಜುಲೈನಿಂದ ಒಂಬತ್ತು ತಿಂಗಳು ತಾಲ್ಲೂಕು ಕಚೇರಿಯಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ. ಆಮೇಲೆ ಕೊರೋನಾ. 2020ರ ನವೆಂಬರ್‌ನಿಂದ ಹನ್ನೊಂದು ತಿಂಗಳು ಹಾಸನದ ಒಂದು ಗಾರ್ಮೆಂಟ್ಸ್‌ನ ಸ್ಟೋರ್ಸ್. 2022ರ ಜನವರಿಯಿಂದ ನಾಲ್ಕು ತಿಂಗಳು ಮೈಕ್ರೋಫೈನಾನ್ಸ್ ವಸೂಲಿ. ಅದೇ ಆಗಸ್ಟ್‌ನಿಂದ ಹಾಸನದ ಒಂದು ಗೋದಾಮಿನಲ್ಲಿ ಹನ್ನೊಂದು ತಿಂಗಳು. ಒಂದು ತಿಂಗಳು ಬಿಟ್ಟು ಮತ್ತೆ ಹನ್ನೊಂದು ತಿಂಗಳು, 2024ರ ಜೂನ್‌ವರೆಗೆ.

ಆದರೆ ಅವರನ್ನು ನಮ್ಮಲ್ಲಿಗೆ ತಂದಿದ್ದು ಈ ಏಳು ಸಾಲಲ್ಲ. ಗೋದಾಮಿನ ಕೆಲಸ ಮುಗಿದಾಗ ಗೆಳತಿಯೊಬ್ಬಳು "ಇಷ್ಟೊಂದು ಬೇಡ ಕಣೇ, ಜೋಡಿಸಿಬಿಡೋಣ" ಎಂದಿದ್ದಳು. ಮೈಕ್ರೋಫೈನಾನ್ಸ್ ಅಳಿಸಿ, ಗಾರ್ಮೆಂಟ್ಸ್ ಕೆಲಸವನ್ನು 2022ರ ಜುಲೈವರೆಗೆ ಎಳೆದಿದ್ದಳು. ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂತು. ಆಮೇಲೆ ಅವರು ಹಿಂದಿನ ಕೆಲಸಗಳ ಪರಿಶೀಲನೆಗೆ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್, ಕೇಳಿದರು. ಅದರಲ್ಲಿ ಗಾರ್ಮೆಂಟ್ಸ್‌ನಿಂದ ಹೊರಬಂದ ತಿಂಗಳು 2021ರ ಸೆಪ್ಟೆಂಬರ್ ಎಂದೇ ಇತ್ತು. ಅಳಿಸಿದ ಮೈಕ್ರೋಫೈನಾನ್ಸ್ ಕೂಡ ಅಲ್ಲಿ ಕೂತಿತ್ತು. ಆಫರ್ ವಾಪಸ್ ಹೋಯಿತು.

ಇದನ್ನು ಹೇಳುವಾಗ ಶೋಭಾ ತಲೆ ಎತ್ತಲಿಲ್ಲ. ನನಗೆ ತುಂಬ ಬೇಜಾರಾಯಿತು. ಏಕೆಂದರೆ ಆ ಸುಳ್ಳು ಬೇಕೇ ಇರಲಿಲ್ಲ.

ಮೊದಲ ದಿನ ರೆಸ್ಯೂಮೆ ಮುಟ್ಟಲಿಲ್ಲ. ಪಿಎಫ್ ಪೋರ್ಟಲ್ ತೆರೆದು `View` ಒಳಗಿನ `Service History` ನೋಡಿದೆವು. ಕೆಲಸ ಬದಲಿಸಿದವರೆಲ್ಲ ಅರ್ಜಿ ಹಾಕುವ ಮೊದಲು ಇದನ್ನು ನೋಡಲೇಬೇಕು. ಪರಿಶೀಲಿಸುವವರು ನಿಮ್ಮ ಹಾಳೆಯನ್ನು ಇದರ ಪಕ್ಕ ಇಟ್ಟು ನೋಡುತ್ತಾರೆ. ಶೋಭಾ ಪುಟದಲ್ಲಿ ಎರಡು ವಿಷಯ ಕಂಡವು. ಒಂದು, ಗೋದಾಮಿನ ಮೊದಲ ಏಜೆನ್ಸಿ ಇವರ ಕೊನೆಯ ದಿನಾಂಕ ಹಾಕಿಯೇ ಇರಲಿಲ್ಲ. ಆ ದಾಖಲೆ ಪ್ರಕಾರ ಇವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ, ಜೊತೆಗೆ ಎರಡನೇ ಏಜೆನ್ಸಿಯಲ್ಲೂ ಇದ್ದಾರೆ! ಒಂದೇ ಸಲ ಎರಡು ಕಡೆ ಸಂಬಳ ತಗೊಂಡ ಹಾಗೆ ಕಾಣುತ್ತದೆ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ನೌಕರರೇ `Manage` ಒಳಗಿನ `Mark Exit`ನಲ್ಲಿ ಆಧಾರ್ ಒಟಿಪಿ ಕೊಟ್ಟು ದಿನಾಂಕ ಹಾಕಬಹುದು. ಕೊನೆಯ ಪಿಎಫ್ ಕಟ್ಟಿದ ತಿಂಗಳಿನ ದಿನಾಂಕವೇ ಆಗಬೇಕು. ಒಮ್ಮೆ ಹಾಕಿದ್ದನ್ನು ಆಗ ಸುಲಭಕ್ಕೆ ತಿದ್ದಲು ಆಗುತ್ತಿರಲಿಲ್ಲ. ಹಾಗಾಗಿ ಪಾಸ್‌ಬುಕ್‌ನಲ್ಲಿ ಕೊನೆಯ ಕಂತು ನೋಡಿಕೊಂಡು, ಅವರ ಕೈಯಿಂದಲೇ ಹಾಕಿಸಿದೆ.

ಎರಡನೆಯದು ಆ ಎರಡು ಏಜೆನ್ಸಿಗಳ ಹೆಸರೇ.

"ಇವೆರಡೂ ಬೇರೆ ಬೇರೆ ಕಡೆನಾ?" ಎಂದು ಕೇಳಿದೆ.

"ಇಲ್ಲ ಮೇಡಂ, ಅದೇ ಗೋದಾಮು. ಟೆಂಡರ್ ಬದಲಾಯ್ತು, ಬೇರೆ ಏಜೆನ್ಸಿ ಬಂತು. ಗೋದಾಮಿನವರೇ ಮತ್ತೆ ನನ್ನ ಕರೆದ್ರು. ಅದೇ ಟೇಬಲ್, ಅದೇ ಕುರ್ಚಿ."

ಇಪ್ಪತ್ತೆರಡು ತಿಂಗಳು ಒಂದೇ ಕುರ್ಚಿಯಲ್ಲಿ ಕೂತವರು ತಮ್ಮ ರೆಸ್ಯೂಮೆಯಲ್ಲಿ ಎರಡು ಸಲ ಕೆಲಸ ಬಿಟ್ಟವರಂತೆ ಬರೆದುಕೊಂಡಿದ್ದರು. ಕ್ಯೂರಿಂಗ್‌ನದ್ದೂ ಅದೇ ಕಥೆ. ಕಾಫಿ ಕುಯ್ಲು ಮುಗಿದರೆ ಕ್ಯೂರಿಂಗ್‌ನಲ್ಲಿ ಕೆಲಸ ಇಳಿಯುತ್ತದೆ, ಸೀಸನ್ನಿನ ಜನ ಮನೆಗೆ ಹೋಗುತ್ತಾರೆ. ನಮ್ಮ ಕಡೆಯವರಿಗೆ ಇದು ಗೊತ್ತು. ಬೆಂಗಳೂರಿನಲ್ಲಿ ಕೂತು ಹಾಳೆ ನೋಡುವವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು 'ಐದು ತಿಂಗಳಿಗೇ ಬಿಟ್ಟಳು' ಎಂದು ಮಾತ್ರ. ಎರಡನೇ ಸೀಸನ್ನಿಗೂ ಮಾಲೀಕರೇ ಫೋನ್ ಮಾಡಿ ಕರೆದಿದ್ದರು ಎನ್ನುವುದು ಎಲ್ಲೂ ಇರಲಿಲ್ಲ. ನನ್ನ ಅನುಭವದಲ್ಲಿ, ಬಿಡಿ ಕೆಲಸ ಮಾಡಿದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕೆಲಸ ಚೆನ್ನಾಗಿ ಮಾಡದವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ, ಅಲ್ವಾ?

ಎರಡನೇ ಭೇಟಿಗೆ ಒಂದು ಮನೆಕೆಲಸ ಕೊಟ್ಟಿದ್ದೆ. ಪ್ರತಿ ಕಡೆ ದಿನದಲ್ಲಿ ಜಾಸ್ತಿ ಹೊತ್ತು ಏನು ಮಾಡುತ್ತಿದ್ದಿರಿ ಎಂದು ಬರೆದು ತನ್ನಿ. ಹುದ್ದೆಯ ಹೆಸರು ಬೇಡ, ಕೈ ಮಾಡಿದ ಕೆಲಸ ಮಾತ್ರ. ತಂದ ಹಾಳೆಯನ್ನು ಇಬ್ಬರೂ ಓದಿದೆವು. ಕ್ಯೂರಿಂಗ್‌ನಲ್ಲಿ ಬಂದ ಚೀಲದ ತೂಕಕ್ಕೂ ರಿಜಿಸ್ಟರ್‌ಗೂ ತಾಳೆ. ತಾಲ್ಲೂಕು ಕಚೇರಿಯಲ್ಲಿ ಹಳೆಯ ಕಡತಕ್ಕೂ ಕಂಪ್ಯೂಟರಿಗೂ ತಾಳೆ. ಗಾರ್ಮೆಂಟ್ಸ್‌ನಲ್ಲಿ ಗುಂಡಿ, ಜಿಪ್, ಲೇಬಲ್‌ಗಳ ಲೆಕ್ಕ ಬರೆಯುವ ಬಿನ್ ಕಾರ್ಡಿಗೂ ರ‍್ಯಾಕಿನಲ್ಲಿ ಇರುವುದಕ್ಕೂ ತಾಳೆ. ಗೋದಾಮಿನಲ್ಲೂ ಅದೇ. ಒಂದು ಘಟನೆ ಕೂಡ ಬರೆದಿದ್ದರು. ಕ್ಯೂರಿಂಗ್‌ನಲ್ಲಿ 120 ಚೀಲದ ಒಂದು ಲಾಟ್, ಎಷ್ಟು ಸಲ ಕೂಡಿದರೂ ನೂರು ಕೆಜಿಯಷ್ಟು ವ್ಯತ್ಯಾಸ. ಎಲ್ಲರೂ ಕಳ್ಳತನ ಎಂದರಂತೆ. ಇವರು ಹೋಗಿ ಒಂದು ಖಾಲಿ ಗೋಣಿಚೀಲವನ್ನು ತಕ್ಕಡಿಗೆ ಹಾಕಿದ್ದಾರೆ. ಆ ದಿನ ಬರೆದುಕೊಂಡವರು ಚೀಲದ ತೂಕ ಕಳೆಯುವುದನ್ನೇ ಮರೆತಿದ್ದರು.

"ಇದನ್ನ ಇಂಟರ್ವ್ಯೂನಲ್ಲಿ ಯಾವತ್ತಾದ್ರೂ ಹೇಳಿದ್ದೀರಾ?"

"ಇದನ್ನೆಲ್ಲ ಹೇಳ್ತಾರಾ ಮೇಡಂ?"

ಹೇಳಬೇಕು. ಏಳು ಕಡೆಯಲ್ಲಿ ಆರು ಕಡೆ ಇವರು ಮಾಡಿದ್ದು ಒಂದೇ ಕಸುಬು.

ಹೊಸ ರೆಸ್ಯೂಮೆ ಅವರೇ ಇಂಗ್ಲಿಷಿನಲ್ಲಿ ಬರೆದರು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು. ಮೇಲೆ ಒಂದು ತಲೆಬರಹ: 'ಸ್ಟೋರ್ಸ್ ಮತ್ತು ದಾಖಲೆ ತಾಳೆ, ಗುತ್ತಿಗೆ ಹಾಗೂ ಸೀಸನ್ ಕೆಲಸ, ಒಟ್ಟು 52 ತಿಂಗಳು'. ಕೆಳಗೆ ನಾಲ್ಕೇ ಸಾಲು. ಗೋದಾಮಿನ ಸಾಲು ಹೀಗೆ: 'ಹಾಸನ ಗೋದಾಮು, ಸ್ಟೋರ್ಸ್ ಸಹಾಯಕಿ. ಹನ್ನೊಂದು ತಿಂಗಳ ಎರಡು ಗುತ್ತಿಗೆ, ಅದೇ ಜಾಗ. ಸಂಬಳ ಕೊಟ್ಟವರು: ಮೊದಲು ಇಂಥ ಏಜೆನ್ಸಿ, ಟೆಂಡರ್ ಬದಲಾದ ಮೇಲೆ ಇಂಥ ಏಜೆನ್ಸಿ. ಗುತ್ತಿಗೆ ಅವಧಿ ಪೂರ್ತಿ.' ಕೆಲಸ ಮಾಡಿದ ಜಾಗ, ಸಂಬಳ ಕೊಟ್ಟ ಏಜೆನ್ಸಿ ಎರಡನ್ನೂ ಬರೆಯಲೇಬೇಕು. ಜಾಗದ ಹೆಸರು ಮಾತ್ರ ಬರೆದರೆ, ಪರಿಶೀಲಿಸುವವರು ಅಲ್ಲಿಗೆ ಫೋನ್ ಮಾಡಿದಾಗ "ಆ ಹೆಸರಿನ ನೌಕರರು ನಮ್ಮಲ್ಲಿ ಇಲ್ಲ" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. 'ಅವಧಿ ಪೂರ್ತಿ' ಎನ್ನುವ ಎರಡು ಪದ 'ಯಾಕೆ ಬಿಟ್ಟಿರಿ' ಎನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಕೊಡುತ್ತದೆ.

ತಿಂಗಳು ತೆಗೆದು ಬರೀ ವರ್ಷ ಹಾಕೋಣವೇ ಎಂದು ಕೇಳಿದರು. ಬೇಡ ಎಂದೆ. ತುಂಬ ಜನ ಹಾಗೆ ಮಾಡುತ್ತಾರೆ, ನೋಡುವವರಿಗೂ ಅದು ಗೊತ್ತು. ತಿಂಗಳು ಮುಚ್ಚಿಟ್ಟರೆ ಏನೋ ಇದೆ ಎಂದು ಅಲ್ಲೇ ಕೆದಕುತ್ತಾರೆ.

ಇನ್ನು ಮೈಕ್ರೋಫೈನಾನ್ಸ್. ಅದು ಅವಧಿ ಮುಗಿದು ಬಿಟ್ಟದ್ದಲ್ಲ, ಇವರೇ ಬಿಟ್ಟದ್ದು. ಕಂತು ಕಟ್ಟಲಾಗದವರ ಮನೆ ಬಾಗಿಲಲ್ಲಿ ಸಂಜೆವರೆಗೆ ನಿಲ್ಲುವುದು ಇವರ ಕೈಲಿ ಆಗಲಿಲ್ಲ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ರೆಸ್ಯೂಮೆ ನಾವು ಆರಿಸಿ ಕೊಡುವ ಹಾಳೆ. ಈ ಹುದ್ದೆಗೆ ಸಂಬಂಧವಿಲ್ಲದ್ದನ್ನು ಬಿಡಬಹುದು. ಆದರೆ ಕಂಪನಿಯ ಅರ್ಜಿ ನಮೂನೆಯಲ್ಲಿ 'ಹಿಂದಿನ ಎಲ್ಲ ಕೆಲಸಗಳು' ಎಂದು ಕೇಳಿ ಕೆಳಗೆ ಸಹಿ ಹಾಕಿಸಿಕೊಂಡರೆ, ಅದು ಹೇಳಿಕೆ. ಅಲ್ಲಿ ಬಿಡುವ ಹಾಗಿಲ್ಲ. ರೆಸ್ಯೂಮೆಯಲ್ಲಿ ತಲೆಬರಹದ ಪ್ರಕಾರ ಅದನ್ನು ಬಿಟ್ಟೆವು. ನಮೂನೆಯಲ್ಲಿ ತುಂಬಲು ಹೇಳಿದೆ. ಕೇಳಿದರೆ ಒಂದೇ ವಾಕ್ಯ: "ವಸೂಲಿ ಕೆಲಸ ನನಗೆ ಒಗ್ಗಲಿಲ್ಲ, ನಾಲ್ಕು ತಿಂಗಳಲ್ಲಿ ಗೊತ್ತಾಯ್ತು, ಸ್ಟೋರ್ಸ್‌ಗೆ ವಾಪಸ್ ಬಂದೆ."

ಮೂರನೇ ಭೇಟಿಯಲ್ಲಿ ಮಾತಿನ ಅಭ್ಯಾಸ. ಮೊದಲ ಸಲ 'ಯಾಕೆ ಇಷ್ಟು ಕಡೆ' ಎಂದು ಕೇಳಿದಾಗ ಅಮ್ಮನ ಆಪರೇಷನ್, ಕೊರೋನಾ, ಬಸ್ಸಿನ ತೊಂದರೆ ಎಂದು ಐದು ನಿಮಿಷ ಹೇಳಿದರು. ತಪ್ಪು ಒಪ್ಪಿಕೊಳ್ಳುವ ಹಾಗೆ ಇತ್ತು. ಎರಡನೇ ಸಲ ಅದರ ಉಲ್ಟಾ: "ನಾನು ಬೇಕಂತಲೇ ಬೇರೆ ಬೇರೆ ಕಡೆ ಅನುಭವ ತಗೊಂಡೆ." ನಿಲ್ಲಿಸಿದೆ. ಅದು ನಿಜವಲ್ಲ. ಮರುಪ್ರಶ್ನೆ ಬಂದರೆ ನಿಲ್ಲುವುದೂ ಇಲ್ಲ. ಏಳನ್ನೂ ಲೆಕ್ಕ ಹಾಕಿ ಆರಿಸಿದೆ ಎಂದು ಹೇಳಬೇಕಾಗಿಲ್ಲ. ನಿಜವಾಗಿ ಆರಿಸಿದ್ದು ಎಲ್ಲಿ, ಅದನ್ನು ಹೇಳಿದರೆ ಸಾಕು. ಹುಡುಕಿದಾಗ ಒಂದು ಸಿಕ್ಕಿತು. 2022ರಲ್ಲಿ ಇನ್ನೊಂದು ಫೈನಾನ್ಸ್‌ನವರು ಗೋದಾಮಿಗಿಂತ ಜಾಸ್ತಿ ಸಂಬಳಕ್ಕೆ ಕರೆದಿದ್ದರು. ಇವರು ಒಲ್ಲೆ ಎಂದು ಗೋದಾಮಿಗೆ ಹೋಗಿದ್ದರು. ಕೇಳುವವರೆಗೆ ಅದೊಂದು ನಿರ್ಧಾರ ಎಂದೇ ಅವರಿಗೆ ಅನ್ನಿಸಿರಲಿಲ್ಲ.

ಕೊನೆಗೆ ಉತ್ತರ ಹೀಗೆ ನಿಂತಿತು: "ನಮ್ಮ ಕಡೆ ಸ್ಟೋರ್ಸ್ ಕೆಲಸ ಹೆಚ್ಚಾಗಿ ಗುತ್ತಿಗೆಯಲ್ಲೇ ಸಿಗೋದು ಸರ್. ಒಂದು ಬಿಟ್ಟು ಎಲ್ಲಾ ಅವಧಿ ಮುಗಿಸಿಯೇ ಬಂದಿದ್ದೀನಿ, ಎರಡು ಕಡೆಯವರು ಮತ್ತೆ ಕರೆದಿದ್ದಾರೆ. 2022ರಲ್ಲಿ ಹೆಚ್ಚು ಸಂಬಳ ಬಿಟ್ಟು ಸ್ಟೋರ್ಸ್‌ಗೇ ಬಂದೆ, ಈಗ ಕಾಯಂ ಜಾಗದಲ್ಲಿ ಇದನ್ನೇ ಮಾಡಬೇಕು." ಅರ್ಧ ನಿಮಿಷವೂ ಇಲ್ಲ. ಕೊರೋನಾ ಸಮಯದ ಖಾಲಿ ತಿಂಗಳುಗಳನ್ನೂ ಅಮ್ಮನ ವಿಷಯವನ್ನೂ ಕೇಳಿದರೆ ಮಾತ್ರ, ಒಂದೊಂದು ಮಾತಿನಲ್ಲಿ.

ಇದೆಲ್ಲ ಇವರಿಗೆ ಫಲಿಸಿದ್ದು, ಹೆಚ್ಚಿನವು ನಿಜವಾಗಿಯೂ ಅವಧಿ ಮುಗಿದ ಕೆಲಸಗಳಾಗಿದ್ದರಿಂದ. ಏಳರಲ್ಲಿ ಐದನ್ನು ಜಗಳ ಮಾಡಿಕೊಂಡು ಬಿಟ್ಟವರಾಗಿದ್ದರೆ ನಾನು ಹಾಳೆ ತಿದ್ದಲು ಕೂರುತ್ತಿರಲಿಲ್ಲ, ಜಗಳದ ಬಗ್ಗೆ ಮಾತಾಡುತ್ತಿದ್ದೆ. ಇನ್ನೊಂದನ್ನೂ ಹೇಳಿದ್ದೆ: ಮುಂದಿನ ಕೆಲಸದಲ್ಲಿ ಎರಡು ವರ್ಷ ಇರಲು ಸಾಧ್ಯವಿಲ್ಲ ಅನ್ನಿಸಿದರೆ ಈ ಉತ್ತರ ಕೊಡಬೇಡಿ. ಮತ್ತೆ ಐದು ತಿಂಗಳಿಗೆ ಬಿಟ್ಟರೆ ಇದೇ ಮಾತನ್ನು ಇನ್ನೊಂದು ಕಡೆ ಹೇಳಲು ಬರುವುದಿಲ್ಲ.

ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ಆಹಾರ ಘಟಕದಲ್ಲಿ ಸಂದರ್ಶನ ಆಯಿತು. ಆದೇಶ ಪತ್ರಗಳು, ಎರಡೂ ಏಜೆನ್ಸಿಯ ಅನುಭವ ಪತ್ರ, ಪತ್ರವೇ ಸಿಗದ ಕ್ಯೂರಿಂಗ್ ಸೀಸನ್ನಿಗೆ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲವನ್ನೂ ರೆಸ್ಯೂಮೆಯ ಸಾಲಿನ ಕ್ರಮದಲ್ಲೇ ಜೋಡಿಸಿಕೊಂಡು ಹೋಗಿದ್ದರು. 'ಯಾಕೆ ಇಷ್ಟು ಕಡೆ' ಎಂಬ ಪ್ರಶ್ನೆ ಬಂದೇ ಬಂತು. ಅದಾದ ಮೇಲೆ ಹೆಚ್ಚು ಹೊತ್ತು ಗೋಣಿಚೀಲದ ಕಥೆಯನ್ನೇ ಕೇಳಿದರಂತೆ.

ಸೇರುವ ಹಿಂದಿನ ದಿನ ಫೋನ್ ಮಾಡಿದರು. "ಮೇಡಂ, ಪಿಎಫ್ ಫಾರ್ಮ್ ಕೊಟ್ಟಿದ್ದಾರೆ. ಅದರಲ್ಲಿ ಹಿಂದಿನ ಯುಎಎನ್ ಇದ್ಯಾ ಅಂತ ಕೇಳಿದ್ದಾರೆ. ಇಲ್ಲ ಅಂತ ಹಾಕಿದ್ರೆ ಹೊಸದು ಮಾಡಿಕೊಡ್ತಾರಂತೆ. ಎಲ್ಲಾ ಹೊಸದಾಗಿ ಶುರುವಾಗುತ್ತೆ ಅಲ್ವಾ?"

"ಬೇಡ ಶೋಭಾ," ಎಂದೆ. "ಹಳೇ ನಂಬರೇ ಬರೀರಿ."