ಕಡಿಮೆ ಕಂತಿನ ಬೆಲೆ ಎಷ್ಟು?

ಓದುಗರ ಪತ್ರ: ಕಾರಿಗೆ 8 ಲಕ್ಷ ಸಾಲ ಬೇಕು, 5 ವರ್ಷಕ್ಕೆ. ಖಾಸಗಿ ಕಂಪನಿ ಕೆಲಸ, ಕೈಗೆ ಬರುವ ಸಂಬಳ 45 ಸಾವಿರ, ವರ್ಷಕ್ಕೆ ಸುಮಾರು ಶೇ 5 ಏರುತ್ತದೆ. ಶೋರೂಮಿನವರು ಸ್ಟೆಪ್-ಅಪ್ ಅಥವಾ ಬಲೂನ್ ತಗೊಳ್ಳಿ, ಕಂತು ಹಗುರ ಅಂತಾರೆ. ಯಾವುದು ಒಳ್ಳೆಯದು? – ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಬಡ್ಡಿ ಶೇ 9.5 ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಸಾಮಾನ್ಯ ಸಾಲಕ್ಕೆ ತಿಂಗಳ ಕಂತು ₹16,801. ಐದು ವರ್ಷಕ್ಕೆ ಕಟ್ಟುವ ಬಡ್ಡಿ ಸುಮಾರು ₹2.08 ಲಕ್ಷ.

ವರ್ಷಕ್ಕೆ ಶೇ 10ರಂತೆ ಏರುವ ಸ್ಟೆಪ್-ಅಪ್‌ನಲ್ಲಿ ಮೊದಲ ವರ್ಷದ ಕಂತು ₹14,010, ಐದನೇ ವರ್ಷದ್ದು ₹20,512. ಬಡ್ಡಿ ಸುಮಾರು ₹18 ಸಾವಿರ ಹೆಚ್ಚಾಗುತ್ತದೆ. ಅದು ದೊಡ್ಡ ಮಾತಲ್ಲ. ಯೋಚಿಸಬೇಕಾದ್ದು ನಿಮ್ಮ ಸಂಬಳದ ಏರಿಕೆಯನ್ನು. ಮುಂದಿನ ವರ್ಷ ಕೈಗೆ ₹2,250 ಹೆಚ್ಚು ಬಂದರೆ, ಅದರಲ್ಲಿ ₹1,401 ಕಂತಿಗೇ ಹೋಗುತ್ತದೆ. ದಿನಸಿ, ಬಾಡಿಗೆ, ಮಕ್ಕಳ ಫೀಸು ಎಲ್ಲದರ ಏರಿಕೆಗೂ ಉಳಿಯುವುದು ₹849. ಸಂಬಳ ಏರದ ವರ್ಷವೂ ಕಂತು ಏರಿಯೇ ಏರುತ್ತದೆ. ಬಡ್ತಿ, ವೇತನ ಪರಿಷ್ಕರಣೆ ಖಚಿತವಾಗಿರುವವರಿಗೆ, ಅಥವಾ ಎರಡು ವರ್ಷದಲ್ಲಿ ಬೇರೊಂದು ಸಾಲ ತೀರುವವರಿಗೆ ಇದು ಸರಿ.

ಬಲೂನ್‌ನಲ್ಲಿ ₹2 ಲಕ್ಷವನ್ನು ಕೊನೆಗೆ ಒಟ್ಟಿಗೆ ಕಟ್ಟುವುದಾದರೆ ಕಂತು ₹14,184ಕ್ಕೆ ಇಳಿಯುತ್ತದೆ. ಆದರೆ ಆ ₹2 ಲಕ್ಷದ ಅಸಲು ಐದು ವರ್ಷವೂ ಕರಗದೆ ಕೂತಿರುವುದರಿಂದ ಒಟ್ಟು ಬಡ್ಡಿ ಸುಮಾರು ₹43 ಸಾವಿರ ಹೆಚ್ಚು. ಉಳಿದ ₹2,617ನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕುತ್ತೇನೆ ಎನ್ನುವವರಿದ್ದಾರೆ. ಶೇ 6.5 ಬಡ್ಡಿಯಲ್ಲಿ ಅದು ₹1.86 ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ, ಅದೂ ತೆರಿಗೆಗೆ ಮುಂಚೆ. ಸಾಲದ ಬಡ್ಡಿ ಠೇವಣಿಯ ಬಡ್ಡಿಗಿಂತ ಹೆಚ್ಚಿರುವಾಗ ಈ ಲೆಕ್ಕ ಕೂಡುವುದೇ ಇಲ್ಲ.

ಇನ್ನೊಂದು ತೊಡಕು ಮಾರುವಾಗ ಕಾಣುತ್ತದೆ. ಮೂರು ವರ್ಷ ಕಳೆದ ಮೇಲೆ ಸಾಮಾನ್ಯ ಸಾಲದಲ್ಲಿ ಬಾಕಿ ಸುಮಾರು ₹3.66 ಲಕ್ಷ ಇದ್ದರೆ, ಬಲೂನ್‌ನಲ್ಲಿ ₹4.74 ಲಕ್ಷ. ಆಗ ಕಾರಿಗೆ ಅಷ್ಟು ಬೆಲೆ ಬರದಿದ್ದರೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ. ಅಪಘಾತದಲ್ಲಿ ಕಾರು ಪೂರ್ತಿ ಹಾಳಾದರೂ ಅಷ್ಟೇ: ವಿಮೆಯ ಹಣ ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ. ಕೊನೆಯ ತಿಂಗಳಲ್ಲಿ ಬರುವುದು ಖಚಿತವಾದ ಹಣ, ಉದಾಹರಣೆಗೆ ಅವಧಿ ಮುಗಿಯುವ ಎಫ್‌ಡಿ, ಇದ್ದವರಿಗೆ ಮಾತ್ರ ಬಲೂನ್. ಅದಿಲ್ಲದೆ ಕೊನೆಗೆ ಮತ್ತೊಂದು ಸಾಲ ಎತ್ತಿದರೆ, ಹಳೆ ಕಾರಿನ ಸಾಲದ ಬಡ್ಡಿ ಸಾಮಾನ್ಯವಾಗಿ ಹೊಸ ಕಾರಿನದಕ್ಕಿಂತ ಹೆಚ್ಚು.

ನಿಮಗೆ ನನ್ನ ಸಲಹೆ ಸಾಮಾನ್ಯ ಕಂತಿನ ಸಾಲವೇ. ₹16,801 ಭಾರ ಎನಿಸಿದರೆ ಸಾಲದ ಮೊತ್ತ ಇಳಿಸಿ: ಡೌನ್ ಪೇಮೆಂಟ್ ಒಂದು ಲಕ್ಷ ಹೆಚ್ಚಿಸಿದರೆ ಕಂತು ₹14,701 ಆಗುತ್ತದೆ. ಸಹಿ ಮಾಡುವ ಮುಂಚೆ ಬ್ಯಾಂಕಿನ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯಾಂಶಗಳ ಹಾಳೆ, ಕೇಳಿ ಪಡೆಯಿರಿ. ಅದರಲ್ಲಿರುವ ಒಟ್ಟು ಪಾವತಿ ಮೊತ್ತ ನೋಡಿ. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಎಷ್ಟೆಂಬುದನ್ನೂ ಓದಿ. ಕಾರು ಸಾಲಗಳಲ್ಲಿ ನಿಗದಿತ ಬಡ್ಡಿಯವೇ ಹೆಚ್ಚು, ಅವುಗಳಲ್ಲಿ ಈ ಶುಲ್ಕ ಇರಬಹುದು.