ಮ್ಯಾನೇಜರ್ ‘ಡೂ’ ಎಂದರೆ ಉತ್ತರದಲ್ಲಿ ಏನೆನ್ನಬೇಕು?

“ನನಗಿಂತ ಹಿರಿಯರಾದ ಜರ್ಮನ್ ಮ್ಯಾನೇಜರ್ ಇಮೇಲ್‌ನಲ್ಲಿ ‘ಡೂ’ ಎಂದು ಬರೆದಿದ್ದಾರೆ. ನಾನು ‘ಝೀ’ ಎಂದೇ ಉತ್ತರಿಸಲೇ?”

ಜರ್ಮನ್‌ನಲ್ಲಿ ‘ಡೂ’ ಆತ್ಮೀಯ ಸಂಬೋಧನೆ, ‘ಝೀ’ ಔಪಚಾರಿಕ ಸಂಬೋಧನೆ. ಈ ಗೊಂದಲ ಬಹುಶಃ ‘ಝೀ’ಯನ್ನು ನಮ್ಮ ‘ನೀವು’ ಎಂದೇ ಭಾವಿಸಿದ್ದರಿಂದ ಹುಟ್ಟಿದೆ. ಕನ್ನಡದಲ್ಲಿ ಹಿರಿಯರು ‘ನೀನು’ ಎಂದರೂ ನಾವು ‘ನೀವು’ ಎನ್ನುತ್ತೇವೆ. ಜರ್ಮನ್ ಕಚೇರಿಗಳಲ್ಲಿ ಎರಡೂ ಕಡೆಯ ಸಂಬೋಧನೆ ಒಂದೇ ಆಗಿರುವುದು ವಾಡಿಕೆಯಾದ್ದರಿಂದ, ಅವರ ‘ಡೂ’ಗೆ ನಿಮ್ಮ ‘ಝೀ’ ಗೌರವಕ್ಕಿಂತ ಹೆಚ್ಚಾಗಿ ದೂರ ಸರಿದಂತೆ ಕೇಳಿಸುತ್ತದೆ. ಮೊದಲು ಅವರ ಪತ್ರದ ಸರ್ವನಾಮವನ್ನು ನೋಡಿ, ಸಹಿಯನ್ನಲ್ಲ: ಸಹಿಯಲ್ಲಿ ಮೊದಲ ಹೆಸರಷ್ಟೇ ಇದ್ದರೂ ಒಳಗೆ ‘ಝೀ’ ಇದ್ದರೆ ನೀವೂ ಅಲ್ಲಿಯೇ ಉಳಿಯಿರಿ. ‘ಡೂ’ ಎಂದು ನಿಮ್ಮೊಬ್ಬರಿಗೇ ಬರೆದಿದ್ದರೆ, ‘ಹಲೋ’ ಜೊತೆಗೆ ಅವರ ಮೊದಲ ಹೆಸರನ್ನು ಬರೆದು, ಬಳಿಕ ಕ್ರಿಯಾಪದವನ್ನೂ ಬದಲಿಸಿ; ‘ಹಾಬೆನ್ ಝೀ’ ಎಂಬುದು ‘ಹಸ್ಟ್ ಡೂ’ ಆಗಬೇಕು. ಇಡೀ ತಂಡಕ್ಕೆ ‘ಡೂ’ವಿನ ಬಹುವಚನವಾದ ‘ಈಯರ್’ ಎಂದು ಬರೆದಿದ್ದರೆ ಅದು ನಿಮಗೂ ‘ಡೂ’ ಅನುಮತಿಯೇ ಎಂದು ಖಚಿತವಾಗಿ ಹೇಳಲಾರೆ. ಆಗ ‘ಝೀ’ ಎಂದೇ ಬರೆದು, ಅವರ ಮುಂದಿನ ಉತ್ತರದಲ್ಲಿ ಯಾವ ಸರ್ವನಾಮ ಬರುತ್ತದೆಂದು ನೋಡಿ ಅದನ್ನೇ ಅನುಸರಿಸಿ.