ಡೈಲಿ ಕ್ಯಾಶ್ ಪಾಲಿಸಿ ಯಾರಿಗೆ, ಮೆಡಿಕ್ಲೇಮ್ ಯಾರಿಗೆ?

ಪ್ರಶ್ನೆ: ನನಗೆ 38 ವರ್ಷ, ಪೀಣ್ಯದಲ್ಲಿ ಸಣ್ಣ ಲೇತ್ ಶಾಪ್ ಇದೆ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಒಬ್ಬಳು ಮಗಳು. ಆಸ್ಪತ್ರೆಗೆ ಸೇರಿದರೆ ದಿನಕ್ಕೆ 2,000 ಕೊಡುವ ಪಾಲಿಸಿ ವರ್ಷಕ್ಕೆ 3,000 ರೂಪಾಯಿಗೆ ಸಿಗುತ್ತೆ ಅಂತ ಏಜೆಂಟ್ ಹೇಳ್ತಿದ್ದಾರೆ. 5 ಲಕ್ಷದ ಫ್ಯಾಮಿಲಿ ಮೆಡಿಕ್ಲೇಮ್‌ಗೆ 18,000 ಅಂತೆ. ಚಿಕ್ಕದೇ ಸಾಕಲ್ವಾ?

ಉತ್ತರ:

ಸಾಕಾಗುವುದಿಲ್ಲ ಸರ್. ಆದರೆ ನಿಮ್ಮ ಮನೆಯ ಸ್ಥಿತಿಯಲ್ಲಿ ಆ ಚಿಕ್ಕ ಪಾಲಿಸಿಗೂ ಒಂದು ಜಾಗ ಇದೆ. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಈ ಎರಡೂ ಬಗೆಯ ಪಾಲಿಸಿ ಹಿಡಿದು ಬರುವವರು ನನಗೆ ದಿನವೂ ಸಿಗುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೆಡಿಕ್ಲೇಮ್ ಅಂದರೆ ಇಂಡೆಮ್ನಿಟಿ ಪಾಲಿಸಿ. ಆಸ್ಪತ್ರೆಯಲ್ಲಿ ನಿಜವಾಗಿ ಆದ ಖರ್ಚನ್ನು ಪಾಲಿಸಿಯ ಮಿತಿಯೊಳಗೆ ಕಟ್ಟಿಕೊಡುತ್ತದೆ. ಡೈಲಿ ಕ್ಯಾಶ್ ಬಿಲ್ಲಿನ ಮೊತ್ತವನ್ನು ನೋಡುವುದೇ ಇಲ್ಲ. ನೀವು ಎಷ್ಟು ದಿನ ಅಡ್ಮಿಟ್ ಆಗಿದ್ದಿರಿ ಎಂದು ಎಣಿಸಿ, ದಿನಕ್ಕೆ ಇಷ್ಟು ಎಂದು ನಿಮ್ಮ ಖಾತೆಗೆ ಹಾಕುತ್ತದೆ. ಐಸಿಯುನಲ್ಲಿದ್ದ ದಿನಗಳಿಗೆ ಸಾಮಾನ್ಯವಾಗಿ ಎರಡರಷ್ಟು. ಕೇಳುವುದಕ್ಕೆ ಸರಳವಾಗಿದೆ. ಆದರೆ ಈಗಿನ ಆಸ್ಪತ್ರೆಗಳಲ್ಲಿ ಬಿಲ್ ಏರುವುದು ದಿನದ ಲೆಕ್ಕದಲ್ಲಲ್ಲ, ಆಪರೇಷನ್ನಿನ ಲೆಕ್ಕದಲ್ಲಿ. ಕೀಹೋಲ್ ಸರ್ಜರಿ, ಸ್ಟೆಂಟ್ ಎಲ್ಲ ಬಂದ ಮೇಲೆ ದೊಡ್ಡ ಬಿಲ್ಲಿನ ರೋಗಿಗಳೇ ಎರಡು ಮೂರು ದಿನಕ್ಕೆ ಮನೆಗೆ ಹೋಗುತ್ತಾರೆ.

ನಿಮಗೆ ಪಿತ್ತಕೋಶದ ಕಲ್ಲು ಎಂದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ 7ಕ್ಕೆ ಅಡ್ಮಿಟ್, ಲ್ಯಾಪ್ರೋಸ್ಕೋಪಿ, ಬುಧವಾರ 11ಕ್ಕೆ ಡಿಸ್ಚಾರ್ಜ್. ಬಿಲ್ 1,20,000 ಆಯಿತು ಅನ್ನೋಣ. ನಿಮ್ಮ ಲೆಕ್ಕದಲ್ಲಿ ಅದು ಮೂರು ದಿನ. ಹೆಚ್ಚಿನ ಡೈಲಿ ಕ್ಯಾಶ್ ಪಾಲಿಸಿಗಳ ಲೆಕ್ಕದಲ್ಲಿ 'ಪೂರ್ಣಗೊಂಡ 24 ಗಂಟೆ' ಮಾತ್ರ ಒಂದು ದಿನ. 52 ಗಂಟೆ ಅಂದರೆ ಎರಡು ದಿನ, ಉಳಿದ ನಾಲ್ಕು ಗಂಟೆಗೆ ಏನೂ ಇಲ್ಲ. ಎಷ್ಟೋ ಪಾಲಿಸಿಗಳಲ್ಲಿ ಮೊದಲ ದಿನವನ್ನು ಡಿಡಕ್ಟಿಬಲ್ ಎಂದು ಬಿಟ್ಟುಬಿಡುತ್ತಾರೆ. ಆಗ ಉಳಿಯುವುದು ಒಂದೇ ದಿನ. 1,20,000ದ ಬಿಲ್ಲಿಗೆ ನಿಮ್ಮ ಕೈಗೆ ಬರುವುದು 2,000. ಕಣ್ಣಿನ ಪೊರೆ, ಡಯಾಲಿಸಿಸ್, ಕಿಮೋಥೆರಪಿಯಂಥ ಡೇ ಕೇರ್ ಚಿಕಿತ್ಸೆಗಳಲ್ಲಿ 24 ಗಂಟೆಯೇ ಆಗದ ಕಾರಣ, ಅವುಗಳಿಗೆ ಬೇರೆ ಸೌಲಭ್ಯ ಬರೆದಿಲ್ಲದಿದ್ದರೆ ಅದೂ ಇಲ್ಲ.

ಇದೇ ಆಪರೇಷನ್ನಿಗೆ ಮೆಡಿಕ್ಲೇಮ್ ಏನು ಕೊಡುತ್ತದೆ ನೋಡಿ. 'ಆರೋಗ್ಯ ಸಂಜೀವನಿ' ಎಂಬ ಪಾಲಿಸಿ ಇದೆ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೇಳಿದಂತೆ 2020ರಿಂದ ಕಂಪನಿಗಳು ಒಂದೇ ರೀತಿಯ ನಿಯಮಗಳಲ್ಲಿ ಮಾರುವ ಪಾಲಿಸಿ ಇದು, ಅದಕ್ಕೇ ಉದಾಹರಣೆಗೆ ತೆಗೆದುಕೊಂಡೆ. ಇದರಲ್ಲಿ 5 ಲಕ್ಷದ ಕವರ್‌ಗೆ ರೂಮ್ ಬಾಡಿಗೆ ಮಿತಿ ದಿನಕ್ಕೆ 5,000. ಪ್ರತಿ ಕ್ಲೇಮಿನಲ್ಲಿ ಶೇ 5 ನಿಮ್ಮ ಪಾಲು. ನಮ್ಮ 1,20,000ದ ಬಿಲ್ಲಿನಲ್ಲಿ ದಿನಕ್ಕೆ 8,000ದ ಸಿಂಗಲ್ ರೂಮಿಗೆ ಎರಡು ದಿನದ್ದು 16,000, ಸರ್ಜನ್ ಮತ್ತು ಆಪರೇಷನ್ ಥಿಯೇಟರ್ 64,000, ಔಷಧಿ ಮತ್ತು ಟೆಸ್ಟ್ 36,000, ಗ್ಲೌಸು ಇತ್ಯಾದಿ 4,000 ಇದೆ ಅನ್ನಿ. ಕೊನೆಯದನ್ನು ಕೊಡುವುದಿಲ್ಲ. ರೂಮಿಗೆ 10,000 ಮಾತ್ರ. ಜನ ಬೆಚ್ಚಿಬೀಳುವುದು ಇದರ ಮುಂದಿನ ಸಾಲಿಗೆ: 8,000ದ ರೂಮಿನಲ್ಲಿ 5,000ಕ್ಕಷ್ಟೇ ಹಕ್ಕು ಇದ್ದುದರಿಂದ, ಸರ್ಜನ್ ಮತ್ತು ಥಿಯೇಟರ್ ಖರ್ಚನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. 64,000 ಹೋಗಿ 40,000 ಆಗುತ್ತದೆ. ಇದೇ ಪ್ರಪೋರ್ಷನೇಟ್ ಡಿಡಕ್ಷನ್. ಔಷಧಿಗೆ, ಟೆಸ್ಟಿಗೆ ಈ ಕಡಿತ ಇಲ್ಲ. ಎಲ್ಲ ಸೇರಿ 86,000, ಅದರಲ್ಲಿ ಶೇ 5 ಕಳೆದರೆ 81,700 ಬರುತ್ತದೆ. ಉಳಿದ 38,300 ನಿಮ್ಮ ಜೇಬಿನಿಂದ.

ಅದೇ ನೀವು 4,000ದ ಶೇರಿಂಗ್ ರೂಮಿನಲ್ಲಿದ್ದರೆ, ಬೇರೆ ಖರ್ಚು ಅಷ್ಟೇ ಇದ್ದರೂ ಬಿಲ್ 1,12,000, ಬರುವುದು 1,02,600. ನಿಮ್ಮ ಖರ್ಚು 9,400. ಅಡ್ಮಿಷನ್ ಕೌಂಟರಿನಲ್ಲಿ 'ಇನ್ಶೂರೆನ್ಸ್ ಇದೆಯಲ್ಲ, ಸಿಂಗಲ್ ರೂಮೇ ಕೊಡಿ' ಅಂದುಬಿಟ್ಟು, ಡಿಸ್ಚಾರ್ಜ್ ದಿನ ನಮ್ಮ ಡೆಸ್ಕಿನ ಮುಂದೆ ನಿಂತು ಕಂಗಾಲಾಗುವವರನ್ನು ನೋಡಿದರೆ ಸಂಕಟವಾಗುತ್ತದೆ. ರೂಮ್ ಆರಿಸುವ ಮೊದಲೇ ಮಿತಿ ಎಷ್ಟು ಎಂದು ಒಮ್ಮೆ ಕೇಳಿ ಸರ್.

ಹಾಗಾದರೆ ಡೈಲಿ ಕ್ಯಾಶ್ ಯಾರಿಗೆ? ಚಿಕಿತ್ಸೆಯ ಖರ್ಚು ಬೇರೆ ಕಡೆಯಿಂದ ನಡೆಯುತ್ತದೆ, ಆದರೆ ಮಲಗಿದರೆ ದುಡಿಮೆ ನಿಲ್ಲುತ್ತದೆ, ಅಂಥವರಿಗೆ. ಆಟೋ ಓಡಿಸುವವರು, ತರಕಾರಿ ಗಾಡಿಯವರು, ಟೈಲರ್‌ಗಳು, ನಿಮ್ಮಂತೆ ಸ್ವಂತ ಶಾಪ್ ಇರುವವರು. ಬಿಪಿಎಲ್ ಕಾರ್ಡ್ ಇದ್ದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಆ ವಾರದ ಮನೆ ಬಾಡಿಗೆ, ಜೊತೆಗಿರುವವರ ಊಟ, ಓಡಾಟ ಯಾರೂ ಕೊಡುವುದಿಲ್ಲ. ಅಲ್ಲಿ ದಿನಕ್ಕೆ 2,000 ನಿಜವಾಗಿ ಕೈ ಹಿಡಿಯುತ್ತದೆ. ಸಂಬಳ ಸಹಿತ ರಜೆ, ಕಂಪನಿಯ ಗ್ರೂಪ್ ಕವರ್ ಎರಡೂ ಇರುವವರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಹೆಂಡತಿ ಗಾರ್ಮೆಂಟ್ಸ್‌ನಲ್ಲಿದ್ದಾರೆ ಅಂದಿರಿ. ಸಂಬಳ ತಿಂಗಳಿಗೆ 21,000ದೊಳಗಿದ್ದರೆ ಅವರಿಗೆ ಇಎಸ್‌ಐ ಇರಲೇಬೇಕು. ತುಂಬಾ ಜನ ಗಂಡಸರಿಗೆ ಗೊತ್ತಿಲ್ಲದ ವಿಷಯ ಏನೆಂದರೆ, ಹೆಂಡತಿಯ ಇಎಸ್‌ಐನಲ್ಲಿ ಗಂಡನಿಗೂ ಚಿಕಿತ್ಸೆ ಸಿಗುತ್ತದೆ. ಕಾಯ್ದೆಯಲ್ಲಿ ಕುಟುಂಬ ಅಂದರೆ ಗಂಡನೋ ಹೆಂಡತಿಯೋ ಇಬ್ಬರೂ ಬರುತ್ತಾರೆ, ಮಗಳೂ ಬರುತ್ತಾಳೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಪೀಣ್ಯದಿಂದ ದೂರವೂ ಅಲ್ಲ. ಆದರೆ ಕಾಯಿಲೆ ಬಿದ್ದಾಗ ಸಂಬಳದ ಶೇ 70ರಷ್ಟು ಕೊಡುವ ಸೌಲಭ್ಯ, ವರ್ಷಕ್ಕೆ 91 ದಿನದವರೆಗೆ ಸಿಗುವಂಥದ್ದು, ಅದು ಅವರಿಗೆ ಮಾತ್ರ. ನೀವು ಮಲಗಿದರೆ ಚಿಕಿತ್ಸೆ ನಡೆಯುತ್ತದೆ, ಶಾಪಿನ ಬಾಡಿಗೆ ಮತ್ತು ಕೆಲಸದ ಹುಡುಗನ ಸಂಬಳ ನಿಲ್ಲುವುದಿಲ್ಲ. ಡೈಲಿ ಕ್ಯಾಶ್‌ಗೆ ನಿಮ್ಮ ಮನೆಯಲ್ಲಿ ಇರುವ ಜಾಗ ಇದೇ. ಅದೂ ನಿಮ್ಮೊಬ್ಬರ ಹೆಸರಿನಲ್ಲಿ ಸಾಕು. ಮೊದಲು ಇಎಸ್‌ಐ ಕಾರ್ಡಿನಲ್ಲಿ ನಿಮ್ಮ ಮತ್ತು ಮಗಳ ಹೆಸರು ಸೇರಿದೆಯಾ ಎಂದು ಫ್ಯಾಕ್ಟರಿಯ ಎಚ್‌ಆರ್ ಹತ್ತಿರ ವಿಚಾರಿಸಲು ಹೇಳಿ.

ಇಷ್ಟಾದರೂ ಮೆಡಿಕ್ಲೇಮ್ ಬಿಡಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ಇಎಸ್‌ಐ ನಿಂತಿರುವುದು ಅವರ ಕೆಲಸದ ಮೇಲೆ. ಫ್ಯಾಕ್ಟರಿ ಬಾಗಿಲು ಹಾಕಿದರೆ, ಅವರು ಕೆಲಸ ಬಿಟ್ಟರೆ, ಸಂಬಳ 21,000 ದಾಟಿದರೆ, ಸ್ವಲ್ಪ ತಿಂಗಳಲ್ಲಿ ಆ ಸೌಲಭ್ಯ ಮುಗಿಯುತ್ತದೆ. ಆಗ ನಿಮಗೆ 45 ಆಗಿ, ಶುಗರ್ ಶುರುವಾಗಿದ್ದರೆ ಹೊಸ ಮೆಡಿಕ್ಲೇಮ್ ಸಿಗುವುದು ಕಷ್ಟ. ಸಿಕ್ಕರೂ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಕಲ್ಲು, ಹರ್ನಿಯಾದಂಥವಕ್ಕೂ ಹೆಚ್ಚಿನ ಪಾಲಿಸಿಗಳಲ್ಲಿ ಸುಮಾರು 2 ವರ್ಷ ಕಾಯಬೇಕು, ಹಾಗಾಗಿ ಮೇಲಿನ ಲೆಕ್ಕ ನಡೆಯುವುದು ಪಾಲಿಸಿ ಮೂರನೆಯ ವರ್ಷಕ್ಕೆ ಬಂದ ಮೇಲೆ. ಆರೋಗ್ಯ ಚೆನ್ನಾಗಿರುವಾಗಲೇ ಆ ಗಡಿಯಾರ ಶುರುವಾಗಲಿ. 18,000 ಭಾರವಾದರೆ ಆರೋಗ್ಯ ಸಂಜೀವನಿಯ ದರವನ್ನು ಎರಡು ಮೂರು ಕಂಪನಿಗಳಲ್ಲಿ ಕೇಳಿ, ನಿಯಮ ಒಂದೇ ಇದ್ದರೂ ಪ್ರೀಮಿಯಂ ಬೇರೆ ಬೇರೆ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ನಿಮ್ಮ ಏಜೆಂಟ್ ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ ನೋಡಿ.

ಇನ್ನೊಂದು ವಿಷಯ. ಲೇತ್ ಕೆಲಸದಲ್ಲಿ ಕೈಗೆ ಪೆಟ್ಟಾಯಿತು, ನಾಲ್ಕು ದಿನ ಆಸ್ಪತ್ರೆ, ಆಮೇಲೆ ಎರಡು ತಿಂಗಳು ಮನೆ. ದುಡಿಮೆ ಹೋಗುವುದು ಆ ಎರಡು ತಿಂಗಳಲ್ಲಿ, ಆದರೆ ಡಿಸ್ಚಾರ್ಜ್ ಆದ ಗಳಿಗೆಗೆ ಡೈಲಿ ಕ್ಯಾಶ್ ಲೆಕ್ಕ ಮುಗಿಯುತ್ತದೆ. ಅದಕ್ಕೆ ಇರುವುದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ. ಕೆಲಸ ಮಾಡಲಾಗದ ವಾರಗಳಿಗೆ ವಾರಕ್ಕಿಷ್ಟು ಎಂದು ಕೊಡುವ ಸೌಲಭ್ಯವನ್ನು ಅದರಲ್ಲಿ ಕೇಳಿ ಸೇರಿಸಿಕೊಳ್ಳಬೇಕು. ನಿಮ್ಮ ಕಸುಬಿಗೆ ನಾನು ಇದನ್ನು ಡೈಲಿ ಕ್ಯಾಶ್‌ಗಿಂತ ಮುಂದೆ ಇಡುತ್ತೇನೆ.

ಡೈಲಿ ಕ್ಯಾಶ್ ತೆಗೆದುಕೊಂಡರೆ, ಕ್ಲೇಮಿಗೆ ಮುಖ್ಯವಾದದ್ದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಡ್ಮಿಷನ್ ಮತ್ತು ಡಿಸ್ಚಾರ್ಜ್‌ನ ದಿನಾಂಕದ ಜೊತೆ ಗಂಟೆಯೂ ಇರುವುದು. ಗಂಟೆ ಬರೆದಿರದಿದ್ದರೆ ವಾರ್ಡಿನಲ್ಲೇ ಬರೆಸಿಕೊಳ್ಳಿ. ಇಎಸ್‌ಐ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ಲೇ ಇರುವುದಿಲ್ಲ, ಬಿಲ್ ಕೊಡಿ ಎಂದು ಕಂಪನಿ ಪಟ್ಟು ಹಿಡಿದರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ದುಡ್ಡು ಕಟ್ಟುವ ಮೊದಲೇ 'ಉಚಿತ ಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿ ಮೇಲೆ ಕ್ಲೇಮ್ ಕೊಡುತ್ತೀರಾ' ಎಂದು ಕಂಪನಿಗೆ ಇಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ. ಬರೀ ಪರೀಕ್ಷೆಗೆಂದು ಅಡ್ಮಿಟ್ ಆದರೆ ಎರಡೂ ಪಾಲಿಸಿ ಕೊಡುವುದಿಲ್ಲ. ಬಡಾವಣೆಯ ಪುಟ್ಟ ನರ್ಸಿಂಗ್ ಹೋಮ್ ಆದರೆ ಪಾಲಿಸಿಯಲ್ಲಿ 'ಆಸ್ಪತ್ರೆ' ಎಂದರೆ ಏನು ಎಂದು ಓದಿ, ಬೆಂಗಳೂರಿನಂಥ ಊರಿಗೆ ಸಾಮಾನ್ಯವಾಗಿ ಕನಿಷ್ಠ 15 ಹಾಸಿಗೆ ಎಂದು ಬರೆದಿರುತ್ತದೆ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಫ್ರೀ ಲುಕ್ ಅವಧಿ ಇರುತ್ತದೆ. ಡಿಡಕ್ಟಿಬಲ್ ಎಷ್ಟು ದಿನ, ವರ್ಷಕ್ಕೆ ಗರಿಷ್ಠ ಎಷ್ಟು ದಿನ, 24 ಗಂಟೆಯ ಲೆಕ್ಕ ಹೇಗೆ, ಇವು ಏಜೆಂಟ್ ಹೇಳಿದಂತೆ ಇಲ್ಲದಿದ್ದರೆ ಆ ಅವಧಿಯೊಳಗೆ ಲಿಖಿತವಾಗಿ ವಾಪಸ್ ಮಾಡಿ. ಸಣ್ಣ ಕಡಿತ ಬಿಟ್ಟು ಕಟ್ಟಿದ ಹಣ ಹಿಂದಕ್ಕೆ ಬರುತ್ತದೆ.